ಫ್ರಿಡ್ಜ್ ಬಾಗಿಲಲ್ಲಿ ನಾವೇ!

ಯಲಹಂಕದ ಒಂದು ಸಣ್ಣ ಅಂಗಡಿಗೆ ದೀಪಾವಳಿ ಆಫರ್ ಪೋಸ್ಟರ್ ಮಾಡಿಕೊಡ್ತೀವಿ ಅಂತ ಒಪ್ಪಿಕೊಂಡಿದ್ವಿ. ಫ್ರಿಡ್ಜ್ ಫೋಟೋ ತೆಗೆದು ನೋಡಿದ್ರೆ ಹೊಳೆಯುವ ಬಾಗಿಲ ತುಂಬಾ ನಾವೇ, ತಲೆ ಮೇಲೊಂದು ಟ್ಯೂಬ್‌ಲೈಟ್!

ಲೈಟ್ ಆರಿಸಿದ್ರೆ ಬಾಗಿಲೇ ಕಪ್ಪಾಯ್ತು. ಆಮೇಲೆ ಅರ್ಥವಾಯ್ತು: ಚಪ್ಪಟೆ ಬಾಗಿಲು ಕನ್ನಡಿ ಇದ್ದ ಹಾಗೆ, ಬೆಳಕು ಎಷ್ಟು ಕೋನದಲ್ಲಿ ಬೀಳುತ್ತೋ ಅಷ್ಟೇ ಕೋನದಲ್ಲಿ ಆಚೆ ಹೋಗುತ್ತೆ. ಬೆಳಕು ಬೇಕಿದ್ದದ್ದು ಬಾಗಿಲಿಗಲ್ಲ, ಬಾಗಿಲಲ್ಲಿ ಕಾಣುವ ಜಾಗಕ್ಕೆ. ನಾವು ಎಡಕ್ಕೆ ಸರಿದು, ಬಲಗಡೆ ಬಿಳಿ ಬೆಡ್‌ಶೀಟ್ ಕಟ್ಟಿ ಅದರ ಮೇಲೆ ಲೈಟ್ ಬಿಟ್ವಿ. ಮೊದಲ ಸಲ ಬಟ್ಟೆಯ ಸುಕ್ಕು ಕೂಡ ಬಾಗಿಲಲ್ಲಿ ಕಾಣಿಸ್ತು. ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ಬಿಳುಪು ಒಂದೇ ಸಮ ಹರಡಿತು.

ವಾಷಿಂಗ್ ಮಷಿನ್ ಚಿತ್ರವನ್ನು ಅಚ್ಚುಕಟ್ಟಾದ ಅಡುಗೆಮನೆ ಫೋಟೋದಲ್ಲಿ, ಕಟ್ಟೆಯ ಪಕ್ಕ ಅಂಟಿಸಿದ್ವಿ. ಚೆನ್ನಾಗೇ ಇತ್ತು. ಅಂಗಡಿ ಅಂಕಲ್ ಮಾತ್ರ ಒಪ್ಪಲಿಲ್ಲ. “ಇಷ್ಟು ಚಿಕ್ಕದಾಗಿ ತೋರಿಸಿದ್ರೆ ಕಟ್ಟೆ ಕೆಳಗೆ ಹಿಡಿಯುತ್ತೆ ಅಂದ್ಕೋತಾರಪ್ಪ. ಆಮೇಲೆ ಜಗಳ ನನ್ ಹತ್ರ!”

ಲೆಕ್ಕ ಹಾಕಿದ್ವಿ. ಅಡುಗೆಕಟ್ಟೆ ಸುಮಾರು 85 ಸೆಂ.ಮೀ. ಎತ್ತರ, ಫೋಟೋದಲ್ಲಿ ಅದು 340 ಪಿಕ್ಸೆಲ್. ಅಂದ್ರೆ ಸೆಂ.ಮೀ.ಗೆ 4 ಪಿಕ್ಸೆಲ್. ನಮ್ಮ ಮಷಿನ್ 240 ಪಿಕ್ಸೆಲ್, ಅಂದ್ರೆ ಬರೀ 60 ಸೆಂ.ಮೀ.! ಅಂಗಡಿಯಲ್ಲಿದ್ದ ಫ್ರಂಟ್ ಲೋಡ್ ಮಷಿನ್ ಅಳೆದ್ರೆ 85. ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರೋ ಹಾಗೆ ಕಾಣ್ತಿದ್ದರಿಂದ ಮಷಿನ್ ಕೂಡ 340 ಪಿಕ್ಸೆಲ್ ಆಗಲೇಬೇಕಿತ್ತು.

ಸರಿಮಾಡಿದ್ವಿ. ಅಡುಗೆಮನೆ ಸ್ವಲ್ಪ ಇಕ್ಕಟ್ಟಾಗಿ ಕಾಣಿಸ್ತು. ಅಂಕಲ್ ನಕ್ಕರು: “ನಮ್ಮ ಗಿರಾಕಿಗಳ ಮನೆ ಹಿಂಗೇ ಇರೋದು.”