ಎರಡನೇ ಕ್ಯಾನಿನ ಹಾಲು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಮೇಲ್ ತೆಗೆದರೆ ಇಂಟರ್ನ್‌ಶಿಪ್ ಕೇಳಿ ಒಂಬತ್ತು ಪತ್ರ ಬಂದಿದ್ದವು. ಒಂಬತ್ತೂ 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗಿ 'ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ' ಅಂತ ಮುಗಿದಿದ್ದವು. ನನಗೆ ನಗು ಬರಲಿಲ್ಲ. 2009ರಲ್ಲಿ ನಾನೂ ಇದೇ ಪತ್ರವನ್ನು ನಲವತ್ತು ಕಂಪನಿಗಳಿಗೆ ಕಳಿಸಿದ್ದೆ. ಒಂದರಿಂದಲೂ ಉತ್ತರ ಬಂದಿರಲಿಲ್ಲ.

ಆಗ ನಾನು ಬಿಇ ಆರನೇ ಸೆಮಿಸ್ಟರ್. ಊರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಬೆಂಗಳೂರಲ್ಲಿ ಪರಿಚಯ ಅಂತ ಇದ್ದಿದ್ದು ಸೋದರಮಾವ ಒಬ್ಬರೇ. ಅವರ ಬೀದಿಯಲ್ಲಿ ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಐದು ಜನರ ಕಂಪನಿಯೊಂದಿತ್ತು. ಮಾವ ನನ್ನ ಪತ್ರ ಓದಿ, "ಇದ್ರಲ್ಲಿ ನಿಂಗೇನ್ ಬರುತ್ತೆ ಅಂತಾನೇ ಗೊತ್ತಾಗಲ್ವಲ್ಲೋ. ಐದೇ ಜನ ಇರೋ ಕಡೆ ನಿನ್ನ ಪಕ್ಕ ಕೂತು ಕಲಿಸೋರು ಯಾರು?" ಅಂದರು.

ಆ ರಾತ್ರಿ ಪತ್ರವನ್ನು ಹೊಸದಾಗಿ ಬರೆದೆ. ರೆಸ್ಯೂಮೆಯಲ್ಲಿ ಸಿ, ಜಾವಾ, ಒರಾಕಲ್, ಫೋಟೋಶಾಪ್ ಅಂತ ಹನ್ನೊಂದು ಹೆಸರಿದ್ದವು. ಅದರಲ್ಲಿ ಅರ್ಧ ಬರೀ ಲ್ಯಾಬ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಎಲ್ಲ ಹೊಡೆದುಹಾಕಿ ಎರಡೇ ವಾಕ್ಯ ಉಳಿಸಿದೆ: 'ವಿಬಿ 6ರಲ್ಲಿ ಫಾರ್ಮ್ ಮಾಡಿ, ಅಕ್ಸೆಸ್ ಡೇಟಾಬೇಸ್‌ಗೆ ಜೋಡಿಸಿ, ರಿಪೋರ್ಟ್ ಪ್ರಿಂಟ್ ಮಾಡುವುದು ಯಾರ ಸಹಾಯವೂ ಇಲ್ಲದೆ ಬರುತ್ತದೆ. ಒಂದೇ ಪ್ರೋಗ್ರಾಂ ಅನ್ನು ನಾಲ್ಕು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ನಡೆಸುವುದು ಬರುವುದಿಲ್ಲ.'

ಅವಧಿಗೆ ಮೊದಲು 'ಬೇಸಿಗೆ ರಜೆಯಲ್ಲಿ' ಅಂತಿತ್ತು. ಅದನ್ನು 'ಜೂನ್ 29ರಿಂದ ಜುಲೈ 31ರವರೆಗೆ, ಐದು ವಾರ. ಮಧ್ಯೆ ವೈವಾಗೆ ಒಂದು ದಿನ ರಜೆ ಬೇಕು' ಅಂತ ತಿದ್ದಿದೆ. ಇದು ಯಾಕೆ ಮುಖ್ಯ ಅನ್ನೋದು ಆಮೇಲೆ ಆ ಮಾಲೀಕರ ಬಾಯಲ್ಲೇ ಗೊತ್ತಾಯಿತು. ಹೊಸಬನಿಗೆ ಮೊದಲ ವಾರ ಕಲಿಸೋದರಲ್ಲೇ ಹೋಗುತ್ತೆ, ಕೊನೆಯ ವಾರ ಅವನ ಕೆಲಸ ತಿದ್ದೋದರಲ್ಲಿ. ಮಧ್ಯೆ ಎಷ್ಟು ವಾರ ಸಿಗುತ್ತೆ ಅಂತ ತಿಳಿದರೆ ಮಾತ್ರ ಅಷ್ಟರೊಳಗೆ ಮುಗಿಯುವ ಕೆಲಸ ಹುಡುಕಬಹುದು.

ಉಳಿದಿದ್ದು ಸ್ಯಾಂಪಲ್. ನಮ್ಮೂರ ಹಾಲಿನ ಡೈರಿಯಲ್ಲಿ ಚಿಕ್ಕಪ್ಪ ಕಾರ್ಯದರ್ಶಿ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಅಂತ ಬೆಳಿಗ್ಗೆ ಸಂಜೆ ಬರೆದಿಟ್ಟು, ಬಟವಾಡೆ ಹಿಂದಿನ ರಾತ್ರಿ ಕೂತು ಕೂಡುತ್ತಿದ್ದರು. ಆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಅದರ `.exe` ಫೈಲನ್ನೇ ಮೇಲ್‌ಗೆ ಅಂಟಿಸಹೋದರೆ ಜಿಮೇಲ್ ತಗೊಳ್ಳಲೇ ಇಲ್ಲ. ಒಳ್ಳೇದೇ ಆಯ್ತು. ಗುರುತಿಲ್ಲದವನು ಕಳಿಸಿದ ಪ್ರೋಗ್ರಾಂ ಅನ್ನು ಯಾವ ಮಾಲೀಕ ತನ್ನ ಕಂಪ್ಯೂಟರ್‌ನಲ್ಲಿ ಓಡಿಸ್ತಾನೆ? ಬದಲಿಗೆ ಎಂಟ್ರಿ ಮಾಡುವ ಸ್ಕ್ರೀನಿನ ಚಿತ್ರ, ರೈತರ ಹೆಸರು ಅಳಿಸಿದ ಒಂದು ಬಟವಾಡೆ ಚೀಟಿ, ಹಣ ಲೆಕ್ಕ ಹಾಕುವ ಒಂದು ಪುಟ ಕೋಡ್ ಕಳಿಸಿದೆ. ಪಕ್ಕದಲ್ಲಿ ಬರೆದೆ: 'ಪ್ರತಿ ಎಂಟ್ರಿಯನ್ನೂ ಸದಸ್ಯರ ನಂಬರ್, ತಾರೀಖು, ಬೆಳಿಗ್ಗೆಯೋ ಸಂಜೆಯೋ, ಈ ಮೂರರಿಂದ ಗುರುತಿಸುತ್ತೇನೆ.'

ಮೂರನೇ ದಿನ ಮಾಲೀಕರೇ ಫೋನ್ ಮಾಡಿದರು. "ನೋಡಪ್ಪಾ, ಒಬ್ಬ ರೈತ ಬೆಳಿಗ್ಗೆ ಒಂದು ಕ್ಯಾನ್ ಹಾಕಿ ಹೋಗ್ತಾನೆ. ಅರ್ಧ ಗಂಟೆ ಬಿಟ್ಟು ಅವನ ಮಗ ಇನ್ನೊಂದು ಕ್ಯಾನ್ ತರ್ತಾನೆ. ಆಗೇನಾಗುತ್ತೆ?"

ಬಾಯಿ ಒಣಗಿತು. ಮೂರೂ ಗುರುತು ಒಂದೇ ಆಗುತ್ತಲ್ಲ. ಹಳೇ ಎಂಟ್ರಿ ತಿದ್ದುತ್ತಿದ್ದಾರೆ ಅಂದುಕೊಂಡು ನನ್ನ ಪ್ರೋಗ್ರಾಂ ಮೊದಲನೆಯದರ ಮೇಲೆ ಎರಡನೆಯದನ್ನು ಬರೆದುಬಿಡುತ್ತಿತ್ತು. "ಮೊದಲನೇ ಕ್ಯಾನಿನ ದುಡ್ಡು ಹೋಗುತ್ತೆ ಸರ್. ನಾನು ಯೋಚನೆ ಮಾಡಿರಲಿಲ್ಲ" ಅಂದೆ.

"ಸರಿ, 29ಕ್ಕೆ ಬಾ. ಸಂಬಳ ಇಲ್ಲ, ಮಧ್ಯಾಹ್ನ ಊಟ ಮತ್ತೆ ಬಸ್ ಪಾಸ್ ನಮ್ದು" ಅಂದರು.

ನಾನು ಮೊದಲು ಓಡಿದ್ದು ಊರಿಗೆ. ಚಿಕ್ಕಪ್ಪನ ಪುಸ್ತಕ ಇಟ್ಟುಕೊಂಡು ಪ್ರೋಗ್ರಾಂ ಜೊತೆ ತಾಳೆ ನೋಡಿದರೆ ಎರಡು ತಿಂಗಳಲ್ಲಿ ಏಳು ಕ್ಯಾನ್ ಮಾಯ. ಅದರಲ್ಲಿ ನಾಲ್ಕು ನಮ್ಮ ಎದುರುಮನೆ ಅಜ್ಜಿಯವು. "ಈ ಸಲ ಕಮ್ಮಿ ಬಂದಂಗದೆ" ಅಂತ ಅವರು ಅಂದಾಗ, ಕಂಪ್ಯೂಟರ್ ತಪ್ಪು ಮಾಡಲ್ಲಜ್ಜಿ ಅಂತ ಹೇಳಿದವನು ನಾನೇ. ಗುರುತಿಗೆ ಕ್ರಮಸಂಖ್ಯೆಯೊಂದನ್ನು ಸೇರಿಸಿ, ಮುಂದಿನ ಬಟವಾಡೆಯಲ್ಲಿ ಬಾಕಿ ಕೊಡಿಸಿ ಬೆಂಗಳೂರಿನ ಬಸ್ ಹತ್ತಿದೆ.

ಮೊನ್ನೆಯ ಒಂಬತ್ತು ಜನಕ್ಕೂ ಉತ್ತರ ಬರೆದೆ: ಏನು ಬರುತ್ತೆ, ಯಾವ ತಾರೀಖಿಂದ ಯಾವ ತಾರೀಖಿಗೆ, ನೀವೇ ಮಾಡಿದ್ದು ಒಂದು ತೋರಿಸಿ. ಇಬ್ಬರು ಉತ್ತರಿಸಿದರು. ಒಬ್ಬ ಹುಡುಗಿ ತನ್ನ ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪ್ರೋಗ್ರಾಂ ಕಳಿಸಿದ್ದಳು. 'ಯಾರಾದರೂ ಗೆಸ್ಟ್ ಕರ್ಕೊಂಡು ಬಂದರೆ ಆ ಊಟ ಯಾರ ಲೆಕ್ಕಕ್ಕೆ?' ಅಂತ ಕೇಳಿದೆ. 'ಯಾರ ಲೆಕ್ಕಕ್ಕೂ ಹೋಗಲ್ಲ ಸರ್, ಈಗಷ್ಟೇ ನೋಡಿದೆ' ಅಂತ ಬರೆದಿದ್ದಾಳೆ. ಸೋಮವಾರ ಬರೋಕೆ ಹೇಳಿದ್ದೀನಿ.