ಬಿ ಅಂದ್ರ ಬಿ, ಎಂಟಲ್ಲ

ದೀಪಾವಳಿಗೆ ಎರಡು ದಿನ ಇತ್ತು. ಬೇಸನ್ ಉಂಡಿಗೆ ಸಕ್ಕರಿ ಪುಡಿ ಮಾಡ್ಲಿಕ್ಕೆ ಕೂತಿದ್ದೆ. ನಾಲ್ಕನೇ ಸಲ ಹಾಕಿದಾಗ ಮಿಕ್ಸರ್ ಒಮ್ಮೆ ಗುಂಯ್ ಅಂತು, ನಿಂತೇ ಬಿಡ್ತು. ಮಿಕ್ಸರ್ ತಳದಾಗ ಒಂದು ಸಣ್ಣ ಕೆಂಪು ಬಟನ್ ಇರ್ತದ, ನಿಮಗ ಗೊತ್ತದಲ್ಲ? ಭಾರ ಜಾಸ್ತಿ ಆದ್ರ ಅದು ಹೊರಗ ಬರ್ತದ. ಹತ್ತು ನಿಮಿಷ ಆರಲಿಕ್ಕೆ ಬಿಟ್ಟು ಒತ್ತಿದ್ರ ಮತ್ತ ಶುರು ಆಗ್ತದ. ನಾನೂ ಪ್ಲಗ್ ತಗದು ಒತ್ತಿದೆ. ಶುರು ಆಗಲಿಲ್ಲ, ಬರೇ ಸುಟ್ಟ ವಾಸನಿ. ಆ ವಾಸನಿ ಬಂದಮ್ಯಾಲೆ ಬಟನ್ ಒತ್ತಿ ಉಪಯೋಗಿಲ್ಲ, ಒಳಗಿನ ಮೋಟರ್ ಹೋಗ್ಯದ ಅಂತನ ತಿಳೀರಿ.

ನಮ್ಮನಿಯವರು, "ಪ್ಯಾಟ್ಯಾಗ ಕೊಟ್ಟು ರಿಪೇರಿ ಮಾಡಿಸಿಬಿಡು" ಅಂದ್ರು. ನಾ ಬಿಲ್ಕುಲ್ ಒಪ್ಪಲಿಲ್ಲ. ಆ ಮಿಕ್ಸರ್ ನನ್ನ ಭಿಶಿ ರೊಕ್ಕದಾಗ ತಗೊಂಡಿದ್ದು, 2019ರ ನವೆಂಬರ್ 14ಕ್ಕ. ಕಾರ್ಡಿನ್ಯಾಗ ಮಿಕ್ಸರಿಗೆ ಎರಡು ವರ್ಷ, ಮೋಟರಿಗೆ ಮಾತ್ರ ಐದು ವರ್ಷ ವಾರಂಟಿ ಅಂತ ಬರದಿತ್ತು. ಲೆಕ್ಕ ಹಾಕಿದ್ರ ಇನ್ನೂ ಹದಿನಾರು ದಿನ ಉಳದಿದ್ದವು! ಹೊರಗಿನವರು ಒಮ್ಮೆ ಸ್ಕ್ರೂ ಬಿಚ್ಚಿದ್ರ ಕಂಪನಿಯವರು ಆಮ್ಯಾಲೆ ಕೈ ಎತ್ತಿಬಿಡ್ತಾರ.

ಬಿಲ್ ಹುಡುಕಿದ್ರ ಅದು ಬಿಳೀ ಹಾಳಿ ಆಗಿತ್ತು. ಆ ನುಣ್ಣನೆ ಕಾಗದದ ಬಿಲ್ಲಿನ ಅಕ್ಷರ ಅಳಿಸಿ ಹೋಗ್ತಾವಲ್ಲ, ಹಂಗ. ಪುಣ್ಯಕ್ಕ ವಾರಂಟಿ ಕಾರ್ಡಿನ ಮ್ಯಾಲೆ ಅಂಗಡಿಯವರ ಶಿಕ್ಕಾ ಇತ್ತು, ಪೆನ್ನಿಲೆ ತಾರೀಖೂ ಬರದಿದ್ರು. ಮಿಕ್ಸರ್ ತಳದ ಚೀಟಿಮ್ಯಾಲೆ ತಯಾರಾದ ತಿಂಗಳು 08/2019 ಅಂತ ಇತ್ತು. ತಗೊಂಡ ದಿನಕ್ಕ ಪುರಾವೆ ಇಲ್ಲದಿದ್ರ ಅವರು ಆ ತಿಂಗಳಿಂದನ ಎಣಸಿದ್ರೂ ಎಣಸಬಹುದು. ಹಂಗಾದ್ರ ನನ್ನ ಐದು ವರ್ಷ ಆಗಸ್ಟಿಗೇ ಮುಗದಿತ್ತು.

ಆ ಚೀಟಿ ಫೋಟೋ ತಗೀಬೇಕು. ಎಣ್ಣಿ, ಹಿಟ್ಟು ಎಲ್ಲಾ ಹತ್ತಿ ಜಿಗಟ ಆಗಿತ್ತು, ಒಣ ಅರಿವಿಲೆ ಹಗೂರ ಒರಸಿದೆ. ಬೆಳ್ಳಿ ಬಣ್ಣದ ಚೀಟಿ ನೋಡ್ರಿ, ರಾತ್ರಿ ಲೈಟಿನ್ಯಾಗ ಬರೇ ಮಿಂಚೇ ಬಂತು. ಮುಂಜಾನೆ ಖಿಡಕಿ ಹತ್ರ ಇಟ್ಟು, ಫ್ಲ್ಯಾಶ್ ಇಲ್ಲದ, ಮೊಬೈಲ್ ನೆಟ್ಟಗ ಹಿಡದು ತಗದೆ. ಫೋಟೋ ದೊಡ್ಡದು ಮಾಡಿ ನೋಡಿ ಸೀರಿಯಲ್ ನಂಬರ್ ಬರಕೊಂಡೆ. ನಮ್ಮ ಪಿಯುಸಿ ಇಂಗ್ಲಿಷಿನ್ಯಾಗನ ಗ್ರಾಹಕ ಸೇವಾದವರಿಗೆ ಪತ್ರ ಬರದು ಇ-ಮೇಲ್ ಮಾಡಿದೆ. ಕನ್ನಡದಾಗ ಹೇಳಬೇಕಂದ್ರ ಇಷ್ಟ:

"ಮಾನ್ಯರೇ, ನಾನು 14-11-2019ರಂದು ನಿಮ್ಮ ಮಿಕ್ಸರ್ ಖರೀದಿಸಿದ್ದೇನೆ. 29-10-2024ರಂದು ಮೋಟರ್ ಸುಟ್ಟು ನಿಂತಿದೆ. ಕೆಂಪು ಬಟನ್ ಒತ್ತಿದರೂ ಶುರುವಾಗಿಲ್ಲ. ಹೊರಗೆ ಎಲ್ಲೂ ಬಿಚ್ಚಿಸಿಲ್ಲ. ಲಗತ್ತಿಸಿದ ಚೀಟಿಯ ಫೋಟೋದಲ್ಲಿ ಕಾಣುವಂತೆ ಸೀರಿಯಲ್ ನಂಬರ್ K880914507. ವಾರಂಟಿ ಕಾರ್ಡಿನ ಫೋಟೋ ಸಹ ಇಟ್ಟಿದ್ದೇನೆ. ಮೋಟರಿನ ಐದು ವರ್ಷದ ವಾರಂಟಿಯಲ್ಲಿ ದುರಸ್ತಿ ಮಾಡಿಕೊಡಬೇಕು. ದೂರಿನ ನಂಬರ್ ತಿಳಿಸಿ."

ಮೂರು ದಿನಕ್ಕ ಉತ್ತರ ಬಂತು: ಈ ನಂಬರಿನ ಮಿಕ್ಸರ್ ನಮ್ಮ ದಾಖಲೆಯಾಗ ಇಲ್ಲ!

ನನ್ನ ಎದಿ ಧಸಕ್ ಅಂತು. ನಕಲಿ ಮಾಲು ಕೊಟ್ರೇನು ಅಂಗಡಿಯವರು ಅಂತ ಬೈಕೋತ ಕೂತೆ. ಆಮ್ಯಾಲೆ ಅಟ್ಟದ ಮ್ಯಾಲೆ ಮಿಕ್ಸರಿನ ಖಾಲಿ ಡಬ್ಬಿ ಇಟ್ಟದ್ದು ನೆನಪಾತು. (ಅದರಾಗ ಹಳೇ ಗೌರಿ ಸಾಮಾನು ತುಂಬಿದ್ದೆ, ನಮ್ಮನಿಯವರು ಎಷ್ಟು ಸಲ ಒಗಿ ಅಂದಿದ್ರು!) ಡಬ್ಬಿ ಬಾಜೂಕ್ಕ, ಕಪ್ಪು ಗೆರಿಗಳ ಕೆಳಗ ಅದೇ ನಂಬರ್ ಸ್ವಚ್ಛ ಇತ್ತು: KB80914507. ಎರಡನೇದು ಎಂಟಲ್ಲ, ಬಿ. ತಳದ ಚೀಟಿಮ್ಯಾಲೆ ಬಿ ಅಕ್ಷರದ ಎಡಗಡೆ ಗೆರಿ ಸವದು ಎಂಟಿನ ಹಂಗ ಕಾಣ್ತಿತ್ತು. ಸೊನ್ನಿ ಮತ್ತ ಓ, ಒಂದು ಮತ್ತ ಐ, ಇವೂ ಹಿಂಗ ಮೋಸ ಮಾಡೂವೇ.

ಅವತ್ತೇ ಅದೇ ಇ-ಮೇಲಿಗೆ ಉತ್ತರ ಬರದೆ. ನಂಬರ್ ತಿದ್ದಿ, ಡಬ್ಬಿ ಫೋಟೋ ಸೇರಿಸಿ, ನನ್ನ ಮೊದಲಿನ ಪತ್ರ 30ನೇ ತಾರೀಖಿಂದು ಅಂತನೂ ಹಾಕಿದೆ. ನವೆಂಬರ್ 5ಕ್ಕ ದೂರಿನ ನಂಬರ್ ಬಂತು. ಅದು ಕೈಗೆ ಸಿಗೂತನಕ ನನಗ ನಿದ್ದಿ ಸರಿ ಇರಲಿಲ್ಲ ನೋಡ್ರಿ. ಬರದೇ ಹೋಗಿದ್ರ 1915ಕ್ಕ, ಅಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಬೇಕಂತ ಚೀಟಿಮ್ಯಾಲೆ ಬರದು ಫ್ರಿಜ್ಜಿಗೆ ಹಚ್ಚಿದ್ದೆ.

9ಕ್ಕ ಹುಡುಗ ಬಂದ. ಮೊದಲು ಮಿಕ್ಸರ್ ಬೋರಲ ಹಾಕಿ ನಂಬರ್ ತಾಳೆ ನೋಡಿದ, ಸ್ಕ್ರೂ ಬಿಚ್ಚ್ಯಾರೇನು ಅಂತ ನೋಡಿದ, ಆಮ್ಯಾಲೆನ ಒಯ್ದ. ನಾಲ್ಕು ದಿನಕ್ಕ ಹೊಸ ಮೋಟರ್ ಹಾಕಿ ತಂದುಕೊಟ್ಟ, ಅದಕ್ಕ ಒಂದು ಪೈಸಾನೂ ತಗೊಳ್ಳಲಿಲ್ಲ. ಜಾರ್ ಕೂಡಿಸೂ ಕಪ್ಲರ್ ಸವದಿತ್ತು, ಅದು ವಾರಂಟಿಯಾಗ ಬರಂಗಿಲ್ಲ ಅಂತ ನೂರಾ ಇಪ್ಪತ್ತು ರೂಪಾಯಿ ಇಸಗೊಂಡ. ರಬ್ಬರಿಂದು, ಸವೀತದ, ಅದಕ್ಕ ನಾನೇನೂ ಜಗಳ ತಗೀಲಿಲ್ಲ.

ಉಂಡಿ ಮಾತ್ರ ಆ ಸಲ ಬಾಜೂಮನಿ ವೈನಿ ಮಿಕ್ಸರಿನ್ಯಾಗ ಆದವು. ಹತ್ತು ಉಂಡಿ ಅವರಿಗೂ ಕೊಟ್ಟೆ. ಈಗ ಸಕ್ಕರಿ ಎರಡು ಸಲ ಹಾಕಿದಮ್ಯಾಲೆ ಮಿಕ್ಸರ್ ಆರಲಿಕ್ಕೆ ಬಿಟ್ಟು, ಚಹಾ ಕುಡದು ಬರ್ತೀನಿ.