ಕೌದಿ ಮುಟ್ಟಿತೇನೋ?

ಮನೆ ಒಕ್ಕಲಾದ ಮರುದಿನ ಬೆಳಿಗ್ಗೆ, ಚಹಾದ ಕಪ್ಪು ಕೈಯಲ್ಲಿರುವಾಗಲೇ ಮೊಬೈಲಿನಲ್ಲಿ ಒಂದು ಸಂದೇಶ ಟೈಪ್ ಮಾಡಿದೆ. ‘ನಮ್ಮ ನೂತನ ಗೃಹಪ್ರವೇಶಕ್ಕೆ ಆಗಮಿಸಿ, ಆಶೀರ್ವದಿಸಿ, ಅಮೂಲ್ಯ ಉಡುಗೊರೆಗಳನ್ನು ನೀಡಿದ ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.’ ಬಂಧುಗಳ ಗ್ರೂಪು, ಆಫೀಸಿನ ಗ್ರೂಪು, ಹೈಸ್ಕೂಲ್ ಗೆಳೆಯರ ಗ್ರೂಪು, ಎಲ್ಲದಕ್ಕೂ ಅದನ್ನೇ ಕಳಿಸಿದೆ. ಐದು ನಿಮಿಷದ ಕೆಲಸ. ಸಂಜೆಯ ಹೊತ್ತಿಗೆ ಎಪ್ಪತ್ತು ಹೆಬ್ಬೆರಳು ಬಂದಿದ್ದವು. ಒಂದು ಜವಾಬ್ದಾರಿ ಮುಗಿಯಿತು ಅಂತ ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿದೆ.

ಅದು ಕಳೆದ ವರ್ಷದ ಬಸವ ಜಯಂತಿ. ಬೆಟಗೇರಿಯಲ್ಲಿ ಅಪ್ಪ ಅವ್ವ ಇರಲಿ ಅಂತ ನಾವು ಸಾಲ ಮಾಡಿ ಕಟ್ಟಿಸಿದ ಮನೆ. ಮೂರು ತಿಂಗಳ ನಂತರ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮುಂಡರಗಿಗೆ ಕೊಟ್ಟ ನಮ್ಮ ಅತ್ತಿ, ಅಪ್ಪನ ಅಕ್ಕ, ನನಗೆ ಬುದ್ಧಿ ಬಂದಾಗಿನಿಂದ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಮುಂಡರಗಿಯಿಂದ ಡಂಬಳದ ಮೇಲೆ ಹಾದು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬರುವಾಗ ಡಬ್ಬಿ ತುಂಬ ಉಂಡಿ ತರುತ್ತಿದ್ದಳು. ಕಳೆದ ವರ್ಷ ಬರಲಿಲ್ಲ. ‘ಮೊಣಕಾಲ ನೋವು’ ಅಂದಳಂತೆ. ಅವ್ವ ನಂಬಿದಳು. ಅಪ್ಪ ನಂಬಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದ ನನ್ನನ್ನು ಕರೆದು ಕೇಳಿದ.

‘ಅಕ್ಕ ಕೌದಿ ಕೊಟ್ಟಿದ್ಲಂತ. ಮುಟ್ಟಿತೇನೋ?’

ಯಾವ ಕೌದಿ? ನನಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ನೆನಪಿಲ್ಲ. ಅರ್ಧ ತಾಸು ಹುಡುಕಿದ ಮೇಲೆ ಅಟ್ಟದಲ್ಲಿ, ಅಡಿಗೆಯವರು ಬಿಟ್ಟುಹೋದ ಚೀಲಗಳ ಹಿಂದೆ, ಹಳೇ ಧೋತರದಲ್ಲಿ ಸುತ್ತಿದ ಗಂಟು ಸಿಕ್ಕಿತು. ಅವತ್ತು ಹೋಮದ ಗಡಿಬಿಡಿಯಲ್ಲಿ ಅತ್ತಿ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ‘ಒಳಗಿಡವಾ’ ಅಂದಿದ್ದಳು. ಇವಳು ಮಂದಿ ಮಲಗಲು ತಂದ ಹಾಸಿಗೆ ಇರಬೇಕು ಅಂದುಕೊಂಡು ಒಳಗಿಟ್ಟಿದ್ದಳು. ಬಣ್ಣದ ಕಾಗದ ಇರಲಿಲ್ಲ, ಹೆಸರಿನ ಚೀಟಿ ಇರಲಿಲ್ಲ. ಉಡುಗೊರೆ ಅಂದರೆ ಹೊಳೆಯುವ ಕಾಗದದಲ್ಲೇ ಇರುತ್ತದೆ ಅಂತ ನಮಗೆ ಯಾವಾಗ ಅಭ್ಯಾಸವಾಯಿತೋ.

ಬಿಚ್ಚಿ ಹಾಸಿದೆವು. ಅಂಚಿನಿಂದ ಶುರುವಾಗಿ ಒಳಗೊಳಗೆ ಚೌಕ ಚೌಕವಾಗಿ ನಡೆದ ದಾರದ ಹೊಲಿಗೆ. ಹತ್ತಿರ ಹತ್ತಿರ, ಅಕ್ಕಿಕಾಳಿನಷ್ಟು ಉದ್ದದ ಟಾಕಿ. ನಡುವೆ ಕೆಂಪು ಸೆರಗಿನ ಒಂದು ತುಂಡು, ಅದರಲ್ಲಿ ಬಿಳಿ ಟೋಪ ತೆನಿ. ಅಪ್ಪ ಬಗ್ಗಿ ಅದನ್ನು ಮುಟ್ಟಿ ನೋಡಿ ಕೂತುಬಿಟ್ಟ. ‘ಇದು ನಾ ಕೊಟ್ಟ ಸೀರೀದು’ ಅಂದ.

ಅಪ್ಪನ ಟ್ರಂಕಿನಲ್ಲಿ ಒಂದು ಉದ್ದನೆಯ ವಹಿ ಇದೆ. ಎಡಪುಟದಲ್ಲಿ ನಮಗೆ ಬಂದ ಆಹೇರು, ಬಲಪುಟದಲ್ಲಿ ನಾವು ಕೊಟ್ಟದ್ದು. ಮೊದಲು ಊರು, ಆಮೇಲೆ ಹೆಸರು, ಆಮೇಲೆ ಕಾರ್ಯ, ಕೊನೆಗೆ ವಸ್ತು. ಬಲಪುಟದಲ್ಲಿ ಆ ಸಾಲು ಸಿಕ್ಕಿತು: ‘ಮುಂಡರಗಿ. ಅಕ್ಕನ ಮನಿ ಒಕ್ಕಲ. ಇಳಕಲ್ಲ ಸೀರಿ 1, ಜಂಪರ್ ಪೀಸು 1, ಭಾವಗ ಧೋತರ 1.’ ತಮ್ಮ ತನ್ನ ಮನೆಯ ಒಕ್ಕಲಕ್ಕೆ ತಂದ ಸೀರೆಯನ್ನು ಹರಿಯುವ ತನಕ ಉಟ್ಟು, ಹರಿದ ಮೇಲೂ ಸೆರಗನ್ನು ಎತ್ತಿಟ್ಟು, ಆ ತಮ್ಮನ ಮನೆಯ ಒಕ್ಕಲಕ್ಕೆ ಅದನ್ನು ಕೌದಿಯ ನಡುವೆ ಇಟ್ಟು ಹೊಲಿದು ತಂದಿದ್ದಳು. ನಾನು ಅವಳಿಗೆ ಕಳಿಸಿದ್ದು, ಅದೂ ಮೊಮ್ಮಗನ ಮೊಬೈಲಿಗೆ, ‘ಅಮೂಲ್ಯ ಉಡುಗೊರೆಗಳು’ ಅಂತ ಒಂದು ಬಹುವಚನ.

ಅವತ್ತು ನನಗೆ ಹೊಳೆದದ್ದು ಇಷ್ಟು. ಹಳೇ ಕಾಗದಗಳಲ್ಲಿ ‘ನೀವು ಕೊಟ್ಟು ಕಳಿಸಿದ ಇಂಥದ್ದು ಮುಟ್ಟಿತು’ ಅಂತ ಬರೆಯುತ್ತಿದ್ದರಲ್ಲ, ಅದು ಒಣ ಶಿಷ್ಟಾಚಾರ ಆಗಿರಲಿಲ್ಲ. ಅದು ರಸೀದಿ. ಕೊಟ್ಟವರಿಗೆ ಮೊದಲು ಬೇಕಾದದ್ದು ನಮ್ಮ ಹೃತ್ಪೂರ್ವಕ ಭಾವನೆ ಅಲ್ಲ. ತಾವು ಕೊಟ್ಟದ್ದು ಕೈಗೆ ಬಂತು, ಯಾರು ಕೊಟ್ಟರು ಅಂತ ಗೊತ್ತಾಯಿತು, ಬಿಚ್ಚಿ ನೋಡಿದರು ಅನ್ನುವ ಸುದ್ದಿ. ವಸ್ತುವಿನ ಹೆಸರು ಬರೆಯದೆ ಆ ಸುದ್ದಿ ಮುಟ್ಟುವುದಿಲ್ಲ.

ಹಾಗಾಗಿ ಎಲ್ಲರಿಗೂ ಮತ್ತೆ ಬರೆಯಲು ಕೂತೆ. ಮೊದಲ ತೊಡಕು, ಯಾರು ಏನು ಕೊಟ್ಟರು ಅನ್ನುವುದೇ. ನಮ್ಮ ಕಾರ್ಡಿನಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚು ಹಾಕಿಸಿದ್ದೆವು, ಆದ್ದರಿಂದ ಬಾಗಿಲಲ್ಲಿ ವಹಿ ಹಿಡಿದು ಕೂರಲು ಯಾರನ್ನೂ ನೇಮಿಸಿರಲಿಲ್ಲ. ಮಂದಿ ಎಲ್ಲಾ ತಂದೇ ಬಂದರು. ರಾತ್ರಿ ಮಕ್ಕಳು ಕಾಗದ ಹರಿಯುವಾಗ ಚೀಟಿಗಳು ಒಂದು ಕಡೆ, ವಸ್ತುಗಳು ಒಂದು ಕಡೆ ಆಗಿದ್ದವು. ನಾಲ್ಕು ಗೋಡೆ ಗಡಿಯಾರ ಇದ್ದವು, ಮೂರಕ್ಕೆ ಮಾತ್ರ ವಾರಸುದಾರರು ಗೊತ್ತು. ಆಗ ಕೈ ಹಿಡಿದದ್ದು ಫೋಟೋಗಳು. ಫೋಟೋಗ್ರಾಫರ್ ಕೊಟ್ಟ ಪೆನ್‌ಡ್ರೈವಿನಲ್ಲಿ ಮಂದಿ ಕೈಯಲ್ಲಿ ಪೊಟ್ಟಣ ಹಿಡಿದು ನಿಂತ ಚಿತ್ರಗಳಿದ್ದವು. ಕಾಗದದ ಬಣ್ಣ, ಪೆಟ್ಟಿಗೆಯ ಆಕಾರ ನೋಡಿ ಹೊಂದಿಸಿದೆ. ನಾಲ್ಕನೇ ಗಡಿಯಾರ ಮಾತ್ರ ಕಡೆಗೂ ಸಿಗಲಿಲ್ಲ. ಅಂದಾಜಿನ ಮೇಲೆ ಯಾರಿಗೂ ಬರೆಯಲಿಲ್ಲ. ಏಕೆಂದರೆ ಆ ತಪ್ಪನ್ನು ಅಷ್ಟರಲ್ಲೇ ಒಮ್ಮೆ ಮಾಡಿದ್ದೆ. ಲಕ್ಷ್ಮೇಶ್ವರದ ಕಾಕಾಗೆ ‘ನೀವು ಕೊಟ್ಟ ಡಿನ್ನರ್ ಸೆಟ್ ಬಹಳ ಚಲೋ ಐತಿ’ ಅಂತ ಬರೆದೆ. ಅವರು ಕೊಟ್ಟದ್ದು ತಾಮ್ರದ ಕೊಡ. ‘ಯಾವ ಸೆಟ್ಟೋ ತಮ್ಮಾ, ನಂದು ಕೊಡ, ಬುಡದಾಗ ನನ್ನ ಹೆಸರು ಹೊಡಿಸೇನಿ, ತಿರುವಿ ನೋಡು’ ಅಂತ ಉತ್ತರ ಬಂತು. ತಿರುವಿ ನೋಡಿದೆ. ಚುಕ್ಕಿ ಚುಕ್ಕಿಯಾಗಿ ಹೆಸರು, ಊರು, ತಾರೀಖು ಎಲ್ಲಾ ಇತ್ತು. ಚೀಟಿ ಕಳೆದುಹೋಗುತ್ತದೆ ಅಂತ ಹಿಂದಿನವರಿಗೆ ಗೊತ್ತಿತ್ತು.

ಎರಡನೇ ತೊಡಕು ‘ಧನ್ಯವಾದ’ ಅನ್ನುವ ಶಬ್ದದ್ದು. ಆಫೀಸಿನವರಿಗೆ ಅದು ಸರಿ. ಮನೆಮಂದಿಗೆ ಬರೆದರೆ ಅವರನ್ನು ಹೊರಗೆ ನಿಲ್ಲಿಸಿದ ಹಾಗೆ ಆಗುತ್ತದೆ. ಸ್ವಂತ ಅತ್ತಿಗೆ ಯಾರಾದರೂ ‘ಧನ್ಯವಾದಗಳು’ ಅಂತಾರೇನು? ಆ ಶಬ್ದದ ಜಾಗದಲ್ಲಿ ವಸ್ತು ಈಗ ಎಲ್ಲಿದೆ, ಏನು ಮಾಡುತ್ತಿದೆ ಅಂತ ಬರೆದರೆ ಸಾಕು ಅಂತ ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು. ಕಾಕಾಗೆ ಎರಡನೇ ಸಲ ಬರೆದದ್ದು ಹೀಗೆ: ‘ಕಾಕಾ, ಮನಿ ಒಕ್ಕಲಕ್ಕ ನೀವು ತಂದ ತಾಮ್ರದ ಕೊಡ ಅಡಿಗಿಮನ್ಯಾಗ ಫಿಲ್ಟರಿನ ಬಾಜೂಕ ಇಟ್ಟೇವಿ. ಅವ್ವ ಫಿಲ್ಟರಿನ ನೀರು ಕುಡಿಯೂದು ಬಿಟ್ಟಾಳ. ಬುಡ ತಿರುವಿ ನೋಡೇನಿ.’

ಹಣ ಕೊಟ್ಟವರಿಗೆ ಬರೆಯುವುದು ಇನ್ನೂ ಸೂಕ್ಷ್ಮ. ಮೊತ್ತ ವಹಿಯಲ್ಲಿರಬೇಕು, ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಹೋಗುವಾಗ ಬೇಕಾಗುತ್ತದೆ. ಕಾಗದದಲ್ಲಿ ಬರೆದರೆ ಅಂಗಡಿಯ ಲೆಕ್ಕದಂತೆ ಕಾಣುತ್ತದೆ. ಶಿರಹಟ್ಟಿಯ ಗೆಳೆಯ ಲಕೋಟೆಯಲ್ಲಿ 1,001 ರೂಪಾಯಿ ಇಟ್ಟಿದ್ದ. ಅವನಿಗೆ ‘ನೀ ಕೊಟ್ಟ ಲಕೋಟಿಯೊಳಗ ಮುಂಬಾಗಿಲದ ದೀಪ ಬಂತು, ಈಗ ರಾತ್ರಿ ಕೀಲಿ ಹಾಕಾಕ ಮೊಬೈಲ್ ಲೈಟ್ ಬೇಕಾಗೂದಿಲ್ಲ’ ಅಂತ ಬರೆದು ದೀಪದ ಫೋಟೋ ಕಳಿಸಿದೆ. ಆಫೀಸಿನ ಹನ್ನೊಂದು ಜನ ಸೇರಿ ಮಿಕ್ಸರ್ ಕೊಟ್ಟಿದ್ದರು. ಒಂದೇ ಸಂದೇಶ, ಆದರೆ ಹನ್ನೊಂದು ಹೆಸರನ್ನೂ ಬರೆದೆ. ಒಟ್ಟು ಅರವತ್ತು ಮನೆಗೆ ನಾಲ್ಕು ಭಾನುವಾರ ಹಿಡಿಯಿತು. ಬರೀ ಊಟಕ್ಕೆ ಬಂದು ಹೋದವರಿಗೆ ಮತ್ತೆ ಬರೆಯಲಿಲ್ಲ. ಅವರಿಗೆ ಆ ಗ್ರೂಪಿನ ಸಂದೇಶವೇ ಸಾಕಿತ್ತು, ಉಡುಗೊರೆ ಅನ್ನುವ ಪದ ಒಂದಿರದಿದ್ದರೆ.

ಅತ್ತಿಗೆ ಮಾತ್ರ ಮೊಬೈಲಿನಲ್ಲಿ ಬರೆಯಲು ಮನಸ್ಸಾಗಲಿಲ್ಲ. ಗದಗ ಪೋಸ್ಟ್ ಆಫೀಸಿನಿಂದ ಇನ್‌ಲ್ಯಾಂಡ್ ಲೆಟರ್ ತಂದೆ. ಮೊದಲ ಸಲ ‘ತೀರ್ಥರೂಪ ಸಮಾನರಾದ’ ಅಂತ ಶುರು ಮಾಡಿದೆ. ಎದುರಿಗೆ ‘ನೀನು’ ಅನ್ನುವ ಅತ್ತಿ ಕಾಗದದಲ್ಲಿ ‘ತಾವು’ ಆಗಿಬಿಟ್ಟಳು. ಹರಿದು ಹಾಕಿದೆ. ಎರಡನೆಯದರಲ್ಲಿ ಹೋಮ, ಹೊಗೆ, ಆಫೀಸಿನ ರಜೆ ಅಂತ ಕಾರಣ ಕೊಡುತ್ತಲೇ ಅರ್ಧ ಹಾಳೆ ತುಂಬಿತು. ಅದನ್ನೂ ಹರಿದೆ. ಮೂರನೆಯದು ಹೋಯಿತು:

‘ಅತ್ತಿ, ನಮಸ್ಕಾರ. ಬಸವ ಜಯಂತಿ ದಿನ ನಮ್ಮ ಬೆಟಗೇರಿ ಮನಿ ಒಕ್ಕಲಕ್ಕ ನೀ ಹೊತ್ತು ತಂದ ಕೌದಿ ಮುಟ್ಟೇತಿ. ಬಿಚ್ಚಿ ನೋಡದ ಅಟ್ಟಕ್ಕ ಹಾಕಿದ್ದು ನನ್ನ ತಪ್ಪು, ನಿನ್ನ ಸೊಸಿದಲ್ಲ. ಪಂಚಮಿ ದಿನ ಇಳಿಸಿ ಹಾಸಿದ್ವಿ. ನಡುವಿನ ಕೆಂಪು ಸೆರಗು ನಿನ್ನ ಮನಿ ಒಕ್ಕಲಕ್ಕ ಅಪ್ಪ ತಂದ ಸೀರೀದು ಅಂತ ಅಪ್ಪನ ಗುರುತು ಹಿಡಿದ, ವಹಿಯೊಳಗೂ ನೋಡಿದ್ವಿ. ಅವತ್ತಿಂದ ಅದು ಅಪ್ಪನ ಮಂಚದ ಮ್ಯಾಲ ಐತಿ. ಯಾರಿಗೂ ಮುಟ್ಟಗೊಡೂದಿಲ್ಲ. ಇಷ್ಟು ಸಣ್ಣ ಟಾಕಿ ಹಾಕಾಕ ಎಷ್ಟು ದಿನ ಹಿಡೀತು, ಕಣ್ಣು ಎಷ್ಟು ನೋತು, ಒಮ್ಮೆ ಹೇಳು.’

‘ದಸರಾಕ್ಕ ಬಾ’ ಅಂತ ಸೇರಿಸಬೇಕು ಅನ್ನಿಸಿತ್ತು. ಸೇರಿಸಲಿಲ್ಲ. ಮುಟ್ಟಿದ ಸುದ್ದಿಗೆ ಕೆಲಸ ಗಂಟು ಹಾಕಿದರೆ ಅವಳು ಕೆಲಸವನ್ನಷ್ಟೇ ಓದುತ್ತಾಳೆ.

ಎಂಟು ದಿನಕ್ಕೆ ಫೋನು ಬಂತು. ಮೊಮ್ಮಗ ಎರಡು ಸಲ ಓದಿ ಹೇಳಿದನಂತೆ. ‘ಚಲೋ ಆತು’ ಅಂತಾಗಲಿ, ‘ಸಿಟ್ಟಿಲ್ಲ’ ಅಂತಾಗಲಿ ಅವಳು ಹೇಳಲಿಲ್ಲ. ‘ಎರಡು ತಿಂಗಳು ಹಿಡೀತು. ಕಣ್ಣು ನೋಯಲಿಲ್ಲ, ಬೆರಳು ನೋತು’ ಅಂದಳು. ಸ್ವಲ್ಪ ಸುಮ್ಮನಿದ್ದು ಕೇಳಿದಳು.

‘ಸೆರಗು ಗುರುತು ಸಿಕ್ಕಿತು. ಅದರ ಬಾಜೂಕ ಹಳದಿ ತುಣುಕ ಐತೆಲ್ಲ, ಅದ್ಯಾವುದು ಅಂತ ಬರದಿಲ್ಲ?’

ನನಗೆ ಗೊತ್ತಿರಲಿಲ್ಲ.

‘ನಿನ್ನ ತೊಟ್ಟಿಲಕ್ಕ ಹಾಕಿದಾಗ ನಾ ಹೊಲದ ಕುಂಚಿಗೀದು. ಉಳದ ಬಟ್ಟಿ ಇಟ್ಟಿದ್ದೆ.’

ಫೋನಿಟ್ಟು ಅಪ್ಪನ ಮಂಚದ ಹತ್ತಿರ ಹೋದೆ. ಹಳದಿ ತುಣುಕು ಕೆಂಪು ಸೆರಗಿನ ಎಡಕ್ಕೆ, ಅಂಗೈಯಷ್ಟು ದೊಡ್ಡದು. ಇನ್ನೊಂದು ಇನ್‌ಲ್ಯಾಂಡ್ ಮೇಜಿನ ಖಾನೆಯಲ್ಲಿತ್ತು.